“ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ” ಎಂದು ಫೋನ್ ಬಂದಾಗ

ಕೇಳುಗರಿಗೆ ನಮಸ್ಕಾರ.

ಮನೆತನದಲ್ಲಿ ಕಂಪ್ಯೂಟರ್ ಬಗ್ಗೆ ಸ್ವಲ್ಪ ತಿಳಿದವರು ಒಬ್ಬರಿದ್ದರೆ, ಅವರಿಗೆ ಈ ಫೋನ್ ಬಂದೇ ಬರುತ್ತದೆ. “ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ, ಏನ್ಮಾಡ್ಲಿ?” ಯಾವ ಮಾಡೆಲ್ ಎಂದರೆ ಗೊತ್ತಿಲ್ಲ. ಯಾವ ವಿಂಡೋಸ್ ಎಂದರೆ ಅದೂ ಗೊತ್ತಿಲ್ಲ. ಇಷ್ಟರಲ್ಲೇ ಏನು ಹೇಳಲು ಸಾಧ್ಯ? ಸಾಕಷ್ಟು ಸಾಧ್ಯವಿದೆ. ಆದರೆ ಕೇಳುವ ಪ್ರಶ್ನೆ ಬೇರೆ ಇರಬೇಕು.

“ಆನ್ ಆಗ್ತಿಲ್ಲ” ಎನ್ನುವುದು ಅವರು ಮಾಡಿಕೊಂಡ ತೀರ್ಮಾನ. ಅವರ ಕಣ್ಣಿಗೆ ಏನು ಕಂಡಿತು ಎಂಬುದು ಅದರಲ್ಲಿಲ್ಲ. ಈ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳು ಇರಬಹುದು. ಒಳಗೆ ಕರೆಂಟೇ ಹೋಗುತ್ತಿಲ್ಲದಿರಬಹುದು. ಅಥವಾ ಯಂತ್ರ ಸರಿಯಾಗಿ ಓಡುತ್ತಿದ್ದು, ಪರದೆ ಮಾತ್ರ ಕಪ್ಪಾಗಿರಬಹುದು. ಅಥವಾ ಕಂಪನಿಯ ಲೋಗೊ ಬಂದು, ವಿಂಡೋಸ್ ಮಾತ್ರ ಶುರುವಾಗದೆ ನಿಂತಿರಬಹುದು. ಮೂರರಲ್ಲಿ ಯಾವುದು ಎಂದು ತಿಳಿಯಲು ಮಾಡೆಲ್ ನಂಬರ್ ಬೇಕಿಲ್ಲ. ಎದುರಿಗೆ ಕೂತವರ ಕಣ್ಣು, ಕಿವಿ ಸಾಕು.

ಹಾಸನದಲ್ಲಿರುವ ನಮ್ಮ ಅತ್ತಿಗೆ ಒಮ್ಮೆ ಹೀಗೇ ಫೋನ್ ಮಾಡಿದ್ದರು. “ಲ್ಯಾಪ್‌ಟಾಪ್ ಸತ್ತೇಹೋಗಿದೆ ಕಣಪ್ಪಾ. ಅಂಗಡಿಯವರನ್ನ ಕೇಳಿದ್ರೆ ಬೋರ್ಡ್ ಹೋಗಿರಬೇಕು ಅಂದ್ರು” ಎಂದರು. ಅಂಗಡಿಯವರೂ ಕೇಳಿದ್ದು ಫೋನಿನಲ್ಲೇ. ಯಂತ್ರವನ್ನು ಯಾರೂ ನೋಡಿರಲಿಲ್ಲ.

“ಅತ್ತಿಗೆ, ಚಾರ್ಜರ್ ಹಾಕಿ. ಲ್ಯಾಪ್‌ಟಾಪಿನಲ್ಲೇ ಎಲ್ಲಾದರೂ ಒಂದು ಸಣ್ಣ ದೀಪ ಹತ್ತುತ್ತಾ ನೋಡಿ” ಎಂದೆ. ಹತ್ತಿತು. ಅಂದರೆ ಚಾರ್ಜರಿನಿಂದ ಕರೆಂಟು ಬರುತ್ತಿದೆ. ಪವರ್ ಬಟನ್ ಒತ್ತಿಸಿ, ಒಂದೆರಡು ನಿಮಿಷ ಕಾಯಲು ಹೇಳಿದೆ. ಆಮೇಲೆ ಕೀಬೋರ್ಡಿನ ಎಡಗಡೆ ಇರುವ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಲು ಹೇಳಿದೆ. ಒಮ್ಮೆ ಒತ್ತಿದರೆ ಅದರ ದೀಪ ಹತ್ತಿತು, ಮತ್ತೆ ಒತ್ತಿದರೆ ಆರಿತು. ಈ ಪರೀಕ್ಷೆಯ ಬೆಲೆ ಬಹಳ ದೊಡ್ಡದು. ಒತ್ತಿದ ಹಾಗೆಲ್ಲ ದೀಪ ಬದಲಾಗುತ್ತಿದ್ದರೆ, ಒಳಗೆ ಯಾರೋ ಕೀಲಿಯ ಮಾತು ಕೇಳಿಸಿಕೊಂಡು ಉತ್ತರ ಕೊಡುತ್ತಿದ್ದಾರೆ ಎಂದರ್ಥ. ಬೋರ್ಡ್ ಪೂರ್ತಿ ಸತ್ತಿದ್ದರೆ ಇದು ಆಗುವುದಿಲ್ಲ. ದೀಪ ಬದಲಾಗದೆ ಹಾಗೇ ನಿಂತರೆ ಯಂತ್ರ ಸಿಕ್ಕಿಕೊಂಡಿರಬಹುದು. ಆಗ ಪವರ್ ಬಟನ್ ಅನ್ನು ಹತ್ತು ಹದಿನೈದು ಸೆಕೆಂಡ್ ಬಿಡದೆ ಒತ್ತಿ ಹಿಡಿದು, ಪೂರ್ತಿ ಆಫ್ ಮಾಡಿ, ಮತ್ತೆ ಶುರು ಮಾಡಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಕೀಲಿಗೆ ದೀಪವೇ ಇರುವುದಿಲ್ಲ, ಅದನ್ನೂ ಕೇಳಿಕೊಳ್ಳಿ.

ಅತ್ತಿಗೆಯ ಲ್ಯಾಪ್‌ಟಾಪಿನಲ್ಲಿ ದೀಪ ಬದಲಾಗುತ್ತಿತ್ತು. ಹಾಗಾದರೆ ತೊಂದರೆ ಪರದೆಯ ಕಡೆ ಇದೆ. ಕೋಣೆಯ ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಲು ಹೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಅತ್ತಿಗೆ, “ಅಯ್ಯೋ, ಒಳಗೆ ಮಸುಕಾಗಿ ಟೈಮ್ ಕಾಣ್ತಿದೆ!” ಎಂದರು. ಸಾಮಾನ್ಯ ಎಲ್‌ಸಿಡಿ ಪರದೆಗೆ ತನ್ನದೇ ಬೆಳಕಿಲ್ಲ. ಚಿತ್ರ ಮೂಡುವ ಪದರ ಬೇರೆ, ಅದರ ಹಿಂದೆ ಉರಿಯುವ ಬೆಳಕು ಬೇರೆ. ಬೆಳಕು ಮಾತ್ರ ಕೈಕೊಟ್ಟರೆ ಚಿತ್ರ ಅಲ್ಲೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಓಎಲ್ಇಡಿ ಪರದೆಗಳಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುವುದರಿಂದ, ಅಲ್ಲಿ ಈ ಟಾರ್ಚ್ ಪರೀಕ್ಷೆ ನಡೆಯುವುದಿಲ್ಲ.

ಬ್ರೈಟ್‌ನೆಸ್ ಹೆಚ್ಚಿಸುವ ಕೀಲಿ ಒತ್ತಿಸಿದೆ, ಉಪಯೋಗವಾಗಲಿಲ್ಲ. ಆಮೇಲೆ ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಕೇಳಿದೆ. “ಪೂರ್ತಿ ಹೋಗೋ ಮುಂಚೆ ಏನಾದ್ರೂ ಬೇರೆ ಥರ ಆಗ್ತಿತ್ತಾ?” ಆಗ ಹೊರಬಂತು. ಕೆಲವು ದಿನಗಳಿಂದ ಮುಚ್ಚಳವನ್ನು ಹಿಂದೆ ಮುಂದೆ ಮಾಡಿದಾಗ ಪರದೆ ಮಿನುಗುತ್ತಿತ್ತಂತೆ. ಕೆಳಗಿನ ಬೋರ್ಡಿನಿಂದ ಪರದೆಗೆ ಹೋಗುವ ತೆಳ್ಳನೆಯ ಕೇಬಲ್ ಮುಚ್ಚಳದ ಕೀಲಿನ ಪಕ್ಕದಲ್ಲೇ ಹಾಯುತ್ತದೆ. ದಿನಾ ತೆಗೆದು ಮುಚ್ಚಿ ಅದು ಸವೆಯುತ್ತದೆ. ಮುಚ್ಚಳ ಅಲ್ಲಾಡಿಸಿದಾಗ ಮಿನುಗಿದರೆ, ಮೊದಲ ಅನುಮಾನ ಆ ಕೇಬಲ್ ಮೇಲೇ. ಆದರೆ ಕೇಬಲ್ಲೇ, ಪರದೆಯ ಒಳಗಿನ ಬೆಳಕೇ, ಬೋರ್ಡಿನಿಂದ ಆ ಬೆಳಕಿಗೆ ಕರೆಂಟು ಕೊಡುವ ಭಾಗವೇ ಎಂದು ಫೋನಿನಲ್ಲಿ ಹೇಳಲು ಆಗುವುದಿಲ್ಲ. ಬಿಚ್ಚಿ ನೋಡಲೇಬೇಕು.

ಬಿಚ್ಚಿಸುವ ಮುಂಚೆ ಇನ್ನೊಂದು ಕೆಲಸ ಮಾಡಿಸಿದೆ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಜೋಡಿಸಿದರು. ಟಿವಿಯಲ್ಲಿ ಎಲ್ಲವೂ ಬಂತು. ಮಗಳ ಪ್ರಾಜೆಕ್ಟ್, ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರು. ಈಗ ಮಾತ್ರ ಮಾಡೆಲ್ ಬೇಕು, ಯಾಕೆಂದರೆ ಕೇಬಲ್ ಆಗಲಿ ಪರದೆ ಆಗಲಿ ಮಾಡೆಲ್‌ಗೆ ಸರಿಯಾಗಿ ಹೊಂದಬೇಕು. ಅಡಿಯ ಚೀಟಿ ಸವೆದುಹೋಗಿತ್ತು. ವಿಂಡೋಸ್ ಕೀಲಿ ಮತ್ತು ಆರ್ ಅಕ್ಷರ ಒಟ್ಟಿಗೆ ಒತ್ತಿ, ಬಂದ ಚೌಕದಲ್ಲಿ ಹೀಗೆ ಬರೆಯಲು ಹೇಳಿದೆ:

```
msinfo32
```

ಎಂ, ಎಸ್, ಐ, ಎನ್, ಎಫ್, ಓ, ಆಮೇಲೆ 32. ನಡುವೆ ಜಾಗ ಬಿಡಬಾರದು, ಬರೆದ ಮೇಲೆ ಎಂಟರ್ ಒತ್ತಬೇಕು. ತೆರೆಯುವ ಪಟ್ಟಿಯಲ್ಲಿ ಸಿಸ್ಟಮ್ ಮಾಡೆಲ್ ಎಂಬ ಸಾಲು ಇರುತ್ತದೆ. ವಿಂಡೋಸಿನ ವರ್ಷನ್ ಕೂಡ ಅಲ್ಲೇ ಇರುತ್ತದೆ.

ಮೊದಲ ದೀಪವೇ ಹತ್ತದಿದ್ದರೆ ದಾರಿ ಬೇರೆ. ಬೇರೆ ಪ್ಲಗ್ ಪಾಯಿಂಟ್ ನೋಡಿಸಿ. ಟೈಪ್-ಸಿ ಚಾರ್ಜಿಂಗ್ ಇರುವ ಲ್ಯಾಪ್‌ಟಾಪಾದರೆ, ಯಾವ ಚಾರ್ಜರ್ ಹಾಕಿದ್ದೀರಿ ಎಂದು ಕೇಳಿ. ಪಿನ್ ಹೊಂದುತ್ತದೆ ಎಂದು ಮೊಬೈಲ್ ಚಾರ್ಜರ್ ಹಾಕಿರುವುದು ಜಾಸ್ತಿ. ಅದರ ಮೇಲೆ 5 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಅದು ಕೊಡುವುದು 10 ವ್ಯಾಟ್ ಮಾತ್ರ. ಅನೇಕ ಲ್ಯಾಪ್‌ಟಾಪ್‌ಗಳಿಗೆ 45 ಅಥವಾ 65 ವ್ಯಾಟ್ ಬೇಕು. ಸರಿಯಾದ ಚಾರ್ಜರ್ ಇದ್ದೂ ಸುಮ್ಮನಿದ್ದರೆ, ಅದನ್ನು ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ಅರ್ಧ ಗಂಟೆ ಬಿಡಿ. ಆದರೆ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅಥವಾ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ, ಇದ್ಯಾವುದನ್ನೂ ಮಾಡಿಸಬೇಡಿ. ಬ್ಯಾಟರಿ ಉಬ್ಬಿರಬಹುದು, ಅದಕ್ಕೆ ಬೆಂಕಿ ಹತ್ತುವ ಅಪಾಯವಿದೆ. ಚಾರ್ಜರ್ ತೆಗೆಸಿ, ರಿಪೇರಿಯವರಿಗೆ ತಿಳಿಸಿ.

ಲೋಗೊ ಬಂದು ನಿಂತುಹೋದರೆ ಊಹೆ ಬೇಡವೇ ಬೇಡ. ಪರದೆಯ ಫೋಟೊ ತೆಗೆದು ಕಳಿಸಲು ಹೇಳಿ. “ಏನೋ ಇಂಗ್ಲಿಷಿನಲ್ಲಿ ಬರ್ತಿದೆ” ಎನ್ನುವುದಕ್ಕೂ ಆ ಸಾಲನ್ನೇ ಓದುವುದಕ್ಕೂ ಅಜಗಜಾಂತರ. 48 ಅಂಕಿಗಳ ರಿಕವರಿ ಕೀ ಕೇಳುತ್ತಿದ್ದರೆ ಅದು ಕೆಟ್ಟಿಲ್ಲ, ಬಿಟ್‌ಲಾಕರ್ ಎಂಬ ವಿಂಡೋಸಿನದೇ ಬೀಗ ಬಿದ್ದಿದೆ. ಆ ಕೀ ಅನೇಕ ವೇಳೆ ಅವರ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ, ಮೊಬೈಲಿನಿಂದಲೂ ನೋಡಬಹುದು. ಫೋಟೊ ನೋಡದೆ “ರೀಸೆಟ್ ಒತ್ತಿಬಿಡಿ” ಎಂದು ಮಾತ್ರ ಹೇಳಬೇಡಿ. ಎಲ್ಲವನ್ನೂ ಅಳಿಸುವ ಆಯ್ಕೆ ಅದರೊಳಗೇ ಇದೆ.

ಅತ್ತಿಗೆ ಮರುದಿನ ಬೇರೊಂದು ಅಂಗಡಿಗೆ ಹೋದರು. “ಆನ್ ಆಗ್ತಿಲ್ಲ” ಎನ್ನಲಿಲ್ಲ. “ಯಂತ್ರ ಓಡ್ತಿದೆ, ಟಿವಿಯಲ್ಲಿ ಬರ್ತಿದೆ, ಟಾರ್ಚ್ ಹಿಡಿದ್ರೆ ಚಿತ್ರ ಕಾಣ್ತದೆ, ಮೊದಲು ಮುಚ್ಚಳ ಅಲ್ಲಾಡಿಸಿದ್ರೆ ಮಿನುಗ್ತಿತ್ತು” ಎಂದು ಹೇಳಿ, ಮಾಡೆಲ್ ಬರೆದ ಚೀಟಿ ಕೊಟ್ಟರು. ಅಂಗಡಿಯವರು ಮೊದಲು ಬಿಚ್ಚಿದ್ದು ಕೀಲಿನ ಹತ್ತಿರ. ಕೇಬಲ್ ಅಲ್ಲೇ ಸವೆದಿತ್ತು. ಅದೊಂದನ್ನೇ ಬದಲಿಸಿ ಕೊಟ್ಟರು.

ನಮಸ್ಕಾರ.