ಸಾವಿನ ದಾಖಲೆ ಮತ್ತು ಪುರಾವೆಯ ಪ್ರಶ್ನೆ

ಮಾನ್ಯ ಕೇಳುಗರೇ,

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1897ರಲ್ಲಿ ಆತ್ಮಹತ್ಯೆಯನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಯುರೋಪಿನ ಹಲವು ದೇಶಗಳ ಸರ್ಕಾರಿ ಅಂಕಿಅಂಶಗಳನ್ನು ಹೋಲಿಸಿದ ಅವರು, ಕ್ಯಾಥೊಲಿಕರು ಹೆಚ್ಚಾಗಿರುವ ಪ್ರದೇಶಗಳಿಗಿಂತ ಪ್ರೊಟೆಸ್ಟಂಟರು ಹೆಚ್ಚಾಗಿರುವ ಪ್ರದೇಶಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅಧಿಕವೆಂದು ತೋರಿಸಿ, ಮನುಷ್ಯನನ್ನು ಸಮುದಾಯಕ್ಕೆ ಕಟ್ಟಿಹಾಕುವ ಬಂಧ ಸಡಿಲವಾದದ್ದೇ ಇದಕ್ಕೆ ಕಾರಣವೆಂದರು. ಪ್ರತ್ಯಕ್ಷ ಪ್ರಮಾಣವಾದಿ ಎಂದು ಕರೆಯಲಾಗುವ ಈ ಮಾರ್ಗದಲ್ಲಿ ಸಮಾಜದ ಸಂಗತಿಗಳನ್ನೂ ಹೊರಗಿನಿಂದ ನೋಡಿ ಅಳೆಯಬಹುದು. ಆದ್ದರಿಂದ ಅನೇಕ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ, ಬೇರೊಬ್ಬರು ಪರಿಶೀಲಿಸಬಹುದಾದ ಸಂಬಂಧವೇ ಇಲ್ಲಿ ಒಳ್ಳೆಯ ಪುರಾವೆ. ಸತ್ತ ವ್ಯಕ್ತಿಯ ಉದ್ದೇಶವೇನಿತ್ತೆಂಬ ಊಹೆಗೆ ಡರ್ಖೈಮ್ ಬೆಲೆ ಕೊಡಲಿಲ್ಲ.

ಆದರೆ ಒಂದು ಸಾವು ಆತ್ಮಹತ್ಯೆಯೆಂದು ದಾಖಲಾಗುವುದು ಯಾರೋ ಒಬ್ಬರು ಹಾಗೆಂದು ತೀರ್ಮಾನಿಸಿದ ಮೇಲೆ. ಅಮೆರಿಕದ ಜ್ಯಾಕ್ ಡಗ್ಲಾಸ್ 1967ರಲ್ಲಿ ಈ ಆಕ್ಷೇಪವನ್ನು ಎತ್ತಿದರು. ಇಂಗ್ಲೆಂಡಿನ ಮ್ಯಾಕ್ಸ್‌ವೆಲ್ ಅಟ್ಕಿನ್ಸನ್, ಅಸಹಜ ಸಾವುಗಳ ವಿಚಾರಣೆ ನಡೆಸುವ ಕೊರೋನರ್‌ಗಳು ಆ ತೀರ್ಮಾನಕ್ಕೆ ಹೇಗೆ ಬರುತ್ತಾರೆಂಬುದನ್ನು ಅಧ್ಯಯನ ಮಾಡಿದರು. ಮೃತರು ಬರೆದಿಟ್ಟ ಪತ್ರ, ಸಾವಿನ ರೀತಿ, ಸ್ಥಳ ಮತ್ತು ಅವರ ಬದುಕಿನ ಹಿಂದಿನ ಕಷ್ಟಗಳನ್ನು ಜೋಡಿಸಿ, ‘ಆತ್ಮಹತ್ಯೆಯೆಂದರೆ ಹೀಗಿರುತ್ತದೆ’ ಎಂಬ ತಮ್ಮ ಕಲ್ಪನೆಗೆ ಹೊಂದುವ ಕತೆಯೊಂದನ್ನು ಕೊರೋನರ್‌ಗಳು ಕಟ್ಟುತ್ತಿದ್ದರು. ಒಂದೇ ಪ್ರಕರಣಗಳ ವಿವರವನ್ನು ಇಂಗ್ಲೆಂಡ್ ಮತ್ತು ಡೆನ್ಮಾರ್ಕಿನ ಅಧಿಕಾರಿಗಳ ಮುಂದಿಟ್ಟಾಗ, ಡೆನ್ಮಾರ್ಕಿನವರು ಹೆಚ್ಚು ಸಾವುಗಳನ್ನು ಆತ್ಮಹತ್ಯೆಯೆಂದರು. ಅವರಿಗೆ ಸಂಭಾವ್ಯತೆ ಸಾಕಾಗಿತ್ತು. ಇಂಗ್ಲೆಂಡಿನಲ್ಲಿ ಉದ್ದೇಶಕ್ಕೆ ಸ್ಪಷ್ಟ ಸಾಕ್ಷ್ಯ ಬೇಕಿತ್ತು. ಈ ವ್ಯಾಖ್ಯಾನಾತ್ಮಕ ಮಾರ್ಗದಲ್ಲಿ ಅಂಕಿಯೇ ವಿವರಣೆ ಬೇಡುವ ವಸ್ತು. ಅದನ್ನು ಉಂಟುಮಾಡಿದವರು ತಮ್ಮ ಕೆಲಸಕ್ಕೆ ಯಾವ ಅರ್ಥ ಕೊಟ್ಟರೆಂಬುದನ್ನು ಹತ್ತಿರದಿಂದ, ಸಂದರ್ಭಸಹಿತ ತೋರಿಸುವುದೇ ಒಳ್ಳೆಯ ಪುರಾವೆ.

ಇಲ್ಲಿಗೆ ಡರ್ಖೈಮ್ ಸೋತರೆಂದು ಹೇಳುವುದು ಆತುರವೆಂಬುದು ನನ್ನ ದೃಢ ಅಭಿಪ್ರಾಯ. ತೀರ್ಮಾನಗಳಲ್ಲಿ ವ್ಯಾಖ್ಯಾನವಿದೆಯೆಂದು ತೋರಿಸಿದ ಮಾತ್ರಕ್ಕೆ, ಎರಡು ಧರ್ಮೀಯರ ನಡುವಿನ ಅಂತರವೆಲ್ಲ ಅದರಿಂದಲೇ ಹುಟ್ಟಿತೆಂದು ಸಿದ್ಧವಾಗುವುದಿಲ್ಲ. ದಾಖಲೆಯ ದೋಷ ಇಬ್ಬರಲ್ಲೂ ಒಂದೇ ಪ್ರಮಾಣದಲ್ಲಿದ್ದರೆ ಅಂತರ ಹಾಗೆಯೇ ಉಳಿಯುತ್ತದೆ. ಆದರೆ ಪಾಪವೆಂಬ ಭಯದಿಂದ ಕ್ಯಾಥೊಲಿಕ್ ಕುಟುಂಬಗಳು ಇಂಥ ಸಾವುಗಳನ್ನು ಮರೆಮಾಚಿದ್ದರೆ, ಅವು ಬೇರೊಂದು ಹೆಸರಿನಲ್ಲಿ ದಾಖಲಾಗಿರಬೇಕು. ಈ ನಿರೀಕ್ಷೆಯನ್ನು ಎಣಿಕೆಯಿಂದಲೇ ಪರೀಕ್ಷಿಸಲು ಸಾಧ್ಯ.

ವಾನ್ ಪೊಪ್ಪೆಲ್ ಮತ್ತು ಡೇ ಎಂಬ ಸಂಶೋಧಕರು 1996ರಲ್ಲಿ ಅದನ್ನೇ ಮಾಡಿದರು. ನೆದರ್ಲೆಂಡ್ಸ್‌ನಲ್ಲಿ 1905ರಿಂದ 1910ರವರೆಗಿನ ಸಾವುಗಳ ಕಾರಣಗಳು ಧರ್ಮವಾರು ಲಭ್ಯವಿದ್ದವು. ಅಲ್ಲಿ ಕ್ಯಾಥೊಲಿಕರ ಆತ್ಮಹತ್ಯೆಗಳು ಕಡಿಮೆಯಿದ್ದವು ನಿಜ. ಆದರೆ ‘ಹಠಾತ್ ಸಾವು’ ಮತ್ತು ‘ಕಾರಣ ಸ್ಪಷ್ಟವಿಲ್ಲ’ ಎಂಬ ವರ್ಗಗಳಲ್ಲಿ ಅವರ ಸಾವುಗಳು ಹೆಚ್ಚಿದ್ದವು. ಈ ವರ್ಗಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಎರಡು ಧರ್ಮೀಯರ ಅಂತರಕ್ಕೆ ಬೇರೆ ಕಾರಣ ಹುಡುಕಬೇಕಾದ ಅಗತ್ಯ ಉಳಿಯಲಿಲ್ಲ. ಹಠಾತ್ ಸಾವೆಂದು ಬರೆದ ಪ್ರತಿಯೊಂದೂ ಮರೆಮಾಚಿದ ಆತ್ಮಹತ್ಯೆಯೆಂದು ಇದರಿಂದ ಸಾಬೀತಾಗುವುದಿಲ್ಲ. ಬೇರೆ ದೇಶಗಳ ಬಗ್ಗೆ ಹೀಗೆ ಹೇಳಬೇಕಾದರೆ ಅಲ್ಲಿಯೂ ಸಾವಿನ ಎಲ್ಲ ಕಾರಣಗಳೂ ಧರ್ಮವಾರು ದಾಖಲಾಗಿರಬೇಕು.