ಎಲ್ಲ ಖರ್ಚೂ ಉಳಿದಿದೆ, ಲಾಭ ಎಲ್ಲಿ ಹೋಯಿತು? ಸ್ಟ್ಯಾಟಿಕ್ ಬಜೆಟ್ ಮತ್ತು ಫ್ಲೆಕ್ಸಿಬಲ್ ಬಜೆಟ್

ನಮಸ್ಕಾರ. ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರ ನೋಡಿಕೊಳ್ಳುವ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. "ತಿಂಗಳ ವರದಿಯಲ್ಲಿ ಹೆಚ್ಚುಕಡಿಮೆ ಎಲ್ಲ ಖರ್ಚುಗಳೂ ಬಜೆಟ್‌ಗಿಂತ ಕಡಿಮೆ ಇವೆ. ಆದರೂ ಲಾಭ ಪಾತಾಳಕ್ಕೆ ಇಳಿದಿದೆ. ಮಾಲು ಕಡಿಮೆ ಹೋಯಿತು ಎಂಬುದಷ್ಟೇ ಇದಕ್ಕೆ ಕಾರಣವೇ, ಅಥವಾ ಒಳಗೆ ಬೇರೆ ಸೋರಿಕೆಯೂ ಇದೆಯೇ?" ಈ ಪ್ರಶ್ನೆಗೆ ಅವರ ಕೈಯಲ್ಲಿರುವ ವರದಿ ಉತ್ತರ ಕೊಡಲಾರದು. ಏಕೆಂದರೆ ಅದು ಹತ್ತು ಸಾವಿರ ನಗಕ್ಕೆ ಹಾಕಿದ ಬಜೆಟ್ಟನ್ನು ಎಂಟು ಸಾವಿರ ನಗದ ಖರ್ಚಿನ ಪಕ್ಕದಲ್ಲಿಟ್ಟು ತೂಗುತ್ತಿದೆ.

ಮೂಲ ವಿಷಯವನ್ನು ಬೇಗ ಮುಗಿಸೋಣ. ವರ್ಷದ ಅಥವಾ ತಿಂಗಳ ಆರಂಭದಲ್ಲಿ ಒಂದೇ ಮಾರಾಟ ಪ್ರಮಾಣವನ್ನು ಊಹಿಸಿ ಹಾಕಿ, ಆಮೇಲೆ ಏನೇ ನಡೆದರೂ ಬದಲಿಸದೆ ಇಟ್ಟುಕೊಳ್ಳುವುದು ಸ್ಟ್ಯಾಟಿಕ್ ಬಜೆಟ್. ತಿಂಗಳು ಮುಗಿದ ಮೇಲೆ, ನಿಜವಾಗಿ ಮಾರಾಟವಾದ ಪ್ರಮಾಣಕ್ಕೆ ಎಷ್ಟು ಖರ್ಚಾಗಬೇಕಿತ್ತು ಎಂದು ಅದೇ ಮೂಲ ದರಗಳಲ್ಲಿ ಮತ್ತೆ ಲೆಕ್ಕ ಹಾಕುವುದು ಫ್ಲೆಕ್ಸಿಬಲ್ ಬಜೆಟ್. ಇಲ್ಲಿ ಬದಲಾಗುವುದು ಪ್ರಮಾಣ ಮಾತ್ರ. ಒಂದು ನಗಕ್ಕೆ ಇಷ್ಟು ಎಂದು ಮೊದಲೇ ಒಪ್ಪಿಕೊಂಡ ದರವನ್ನು ಮುಟ್ಟುವಂತಿಲ್ಲ.

ಬಳ್ಳಾರಿ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಅಲ್ಲಿನ ಒಂದು ಸಾಧಾರಣ ಗಾತ್ರದ ಘಟಕವನ್ನು ಕಲ್ಪಿಸಿಕೊಳ್ಳಿ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಜೋಡಿಸಿದ್ದೇನೆ. ತಿಂಗಳಿಗೆ 10,000 ಪ್ಯಾಂಟ್, ಒಂದಕ್ಕೆ 500 ರೂಪಾಯಿ ಬೆಲೆ ಎಂಬುದು ಯೋಜನೆ. ಒಂದು ಪ್ಯಾಂಟಿಗೆ ಬಟ್ಟೆ, ಜಿಪ್, ಗುಂಡಿ, ದಾರ ಎಲ್ಲ ಸೇರಿ 250 ರೂಪಾಯಿ, ಹೊಲಿಗೆಯ ಪೀಸ್ ರೇಟ್ 60 ರೂಪಾಯಿ, ವಾಷಿಂಗ್ 40 ರೂಪಾಯಿ, ಒಟ್ಟು 350 ರೂಪಾಯಿ. ಕಟ್ಟಡದ ಬಾಡಿಗೆ, ತಿಂಗಳ ಸಂಬಳ, ವಿದ್ಯುತ್, ಸಾಲದ ಬಡ್ಡಿ ಮುಂತಾದ ಸ್ಥಿರ ವೆಚ್ಚ 9,00,000 ರೂಪಾಯಿ. ಹೀಗೆ ನಿರೀಕ್ಷಿಸಿದ ಲಾಭ 6,00,000 ರೂಪಾಯಿ.

ತಿಂಗಳ ಕೊನೆಗೆ ತಯಾರಾಗಿ ಮಾರಾಟವಾದದ್ದು 8,000 ಪ್ಯಾಂಟ್. ಕೈಗೆ ಉಳಿದ ಲಾಭ 88,000 ರೂಪಾಯಿ.

[ಪರದೆಯ ಮೇಲೆ ಈ ಪಟ್ಟಿ. ಮೊದಲು ಎಡಗಡೆಯ ಮತ್ತು ಬಲಗಡೆಯ ಅಂಕಣಗಳು ಮಾತ್ರ ಕಾಣಬೇಕು. ನಡುವಿನ ಅಂಕಣ ಮುಂದೆ ತೆರೆಯುತ್ತದೆ.]

| ಬಾಬ್ತು | 10,000ಕ್ಕೆ ಸ್ಟ್ಯಾಟಿಕ್ | 8,000ಕ್ಕೆ ಫ್ಲೆಕ್ಸಿಬಲ್ | 8,000ಕ್ಕೆ ವಾಸ್ತವ |
|---|---|---|---|
| ಮಾರಾಟ | 50,00,000 | 40,00,000 | 39,20,000 |
| ಬಟ್ಟೆ, ಪರಿಕರ | 25,00,000 | 20,00,000 | 21,20,000 |
| ಹೊಲಿಗೆ | 6,00,000 | 4,80,000 | 4,80,000 |
| ವಾಷಿಂಗ್ | 4,00,000 | 3,20,000 | 3,12,000 |
| ಸ್ಥಿರ ವೆಚ್ಚ | 9,00,000 | 9,00,000 | 9,20,000 |
| ಲಾಭ | 6,00,000 | 3,00,000 | 88,000 |

ಬಟ್ಟೆಯ ಸಾಲನ್ನೇ ನೋಡಿ. 25,00,000 ಬಜೆಟ್, 21,20,000 ಖರ್ಚು. ವರದಿ ಅದರ ಮುಂದೆ 3,80,000 ರೂಪಾಯಿ ಉಳಿತಾಯ ಎಂದು ಬರೆಯುತ್ತದೆ. ಬಟ್ಟೆಯ ಹೊಣೆ ಹೊತ್ತ ಕಟಿಂಗ್ ವಿಭಾಗಕ್ಕೆ ಆ ತಿಂಗಳು ಶಹಬ್ಬಾಸ್‌ಗಿರಿ ಸಿಗುತ್ತದೆ, ಯಾರೂ ಅತ್ತ ತಿರುಗಿ ನೋಡುವುದಿಲ್ಲ.

ಈಗ ನಡುವಿನ ಅಂಕಣ ತೆರೆಯೋಣ. 8,000 ಪ್ಯಾಂಟಿಗೆ ತಲಾ 250 ರೂಪಾಯಿಯಂತೆ ಆಗಬೇಕಿದ್ದ ಖರ್ಚು 20,00,000 ರೂಪಾಯಿ. ಹಾಗಾದರೆ 1,20,000 ರೂಪಾಯಿ ಹೆಚ್ಚೇ ಹೋಗಿದೆ. ಇಡೀ ಘಟಕದಲ್ಲಿ ಅತಿ ದೊಡ್ಡ ಸೋರಿಕೆ ಇರುವ ಜಾಗಕ್ಕೇ ಸ್ಟ್ಯಾಟಿಕ್ ವರದಿ ಅತಿ ದೊಡ್ಡ ಉಳಿತಾಯದ ಪಟ್ಟ ಕಟ್ಟಿತ್ತು. ಸ್ಟ್ಯಾಟಿಕ್ ಬಜೆಟ್ಟನ್ನು ಖರ್ಚಿನ ಹತೋಟಿಗೆ ಬಳಸುವುದನ್ನು ನಾನು ಇಷ್ಟು ಬಲವಾಗಿ ವಿರೋಧಿಸುವುದು ಇದೇ ಕಾರಣಕ್ಕೆ. ಅದರ ಅಂದಾಜು ಸ್ವಲ್ಪ ಆಚೀಚೆ ಆಗುವುದಿಲ್ಲ, ಹೊಣೆಗಾರಿಕೆಯ ದಿಕ್ಕೇ ತಲೆಕೆಳಗಾಗುತ್ತದೆ.

ಈ 1,20,000 ಎಲ್ಲಿ ಹೋಯಿತು ಎಂಬುದರ ಬೆನ್ನು ಹತ್ತೋಣ. ಬಜೆಟ್ ಪ್ರಕಾರ ಒಂದು ಪ್ಯಾಂಟಿಗೆ ಒಂದೂಕಾಲು ಮೀಟರ್ ಡೆನಿಮ್, ಮೀಟರಿಗೆ 160 ರೂಪಾಯಿ. ಅಂದರೆ ಬಟ್ಟೆಗೆ 200, ಉಳಿದ 50 ರೂಪಾಯಿ ಜಿಪ್, ಗುಂಡಿ ಮುಂತಾದ ಪರಿಕರಗಳಿಗೆ. ಖರೀದಿ ಬಿಲ್ಲು ತೆಗೆದು ನೋಡಿದರೆ ದರ 160 ರೂಪಾಯಿಯೇ ಇದೆ, ಪರಿಕರಗಳ ಖರ್ಚೂ ಸರಿಯಾಗಿದೆ. ಆದರೆ ಗೋದಾಮಿನಿಂದ ಕಟಿಂಗ್ ಮೇಜಿಗೆ ಹೋದ ಬಟ್ಟೆ 10,000 ಮೀಟರ್ ಆಗಿರಬೇಕಿತ್ತು, ಆದದ್ದು 10,750 ಮೀಟರ್. ಹೆಚ್ಚಿನ 750 ಮೀಟರನ್ನು 160ರಿಂದ ಗುಣಿಸಿದರೆ ಸರಿಯಾಗಿ 1,20,000 ರೂಪಾಯಿ. ಅಲ್ಲಿಗೆ ಖರೀದಿಯವರ ಮೇಲೆ ಅನುಮಾನ ಬೇಡ, ಪ್ರಶ್ನೆ ಕತ್ತರಿಯ ಬಳಿ ಬಂದು ನಿಂತಿತು.

ನನಗೆ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಟಿಂಗ್ ಮಾಸ್ಟರ್ ಪ್ಯಾಂಟುಗಳನ್ನು ಒಂದೊಂದಾಗಿ ಕತ್ತರಿಸುವುದಿಲ್ಲ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿ, ಅದರ ಮೇಲೆ ಬೇರೆಬೇರೆ ಸೈಜಿನ ಹಲವು ಪ್ಯಾಂಟುಗಳ ಆಕಾರಗಳನ್ನು ಬಿಡಿಸಿದ ಮಾರ್ಕರ್ ಇಟ್ಟು ಒಟ್ಟಿಗೆ ಕತ್ತರಿಸುತ್ತಾರೆ. ಒಂದು ಮಾರ್ಕರಿನಲ್ಲಿ ಆರು ಪ್ಯಾಂಟುಗಳಿದ್ದರೆ, ದೊಡ್ಡ ಸೈಜಿನ ಕಾಲುಗಳ ನಡುವೆ ಉಳಿಯುವ ಸಂದಿಯಲ್ಲಿ ಸಣ್ಣ ಸೈಜಿನ ಭಾಗಗಳು, ಜೇಬು, ಸೊಂಟಪಟ್ಟಿ ಕೂತುಕೊಳ್ಳುತ್ತವೆ. ಒಂದೇ ಸೈಜಿನ ಎರಡೇ ಪ್ಯಾಂಟುಗಳಿದ್ದರೆ ಹಾಗೆ ಹೊಂದಿಸಲು ಜಾಗವೇ ಸಿಗದೆ ಸಂದಿಗಳು ಚಿಂದಿಯಾಗಿ ಉದುರುತ್ತವೆ. ಪ್ರತಿ ಪದರದ ಎರಡು ತುದಿಗಳಲ್ಲೂ ಒಂದಿಷ್ಟು ಬಟ್ಟೆ ಬಿಡಲೇಬೇಕು. ಆ ನಷ್ಟ ಆರು ಪ್ಯಾಂಟುಗಳಿಗೆ ಹಂಚಿಹೋಗುವುದಕ್ಕೂ ಎರಡಕ್ಕೇ ಬೀಳುವುದಕ್ಕೂ ವ್ಯತ್ಯಾಸವಿದೆ. ಇದರ ಜೊತೆಗೆ ಪ್ರತಿ ರೋಲಿನ ಕೊನೆಯಲ್ಲಿ ಉಳಿದು, ಮುಂದಿನ ಬಣ್ಣಕ್ಕೆ ಹೊಂದದೆ ಮೂಲೆ ಸೇರುವ ತುಂಡುಗಳಿವೆ.

ಆರ್ಡರುಗಳು ಸಣ್ಣಸಣ್ಣದಾಗಿ ಒಡೆದು ಬಂದ ತಿಂಗಳಲ್ಲಿ ಕಟಿಂಗ್ ಮಾಸ್ಟರ್ ಎಷ್ಟೇ ಜಾಣರಾದರೂ ಪ್ಯಾಂಟೊಂದಕ್ಕೆ ಬೀಳುವ ಬಟ್ಟೆ ಹೆಚ್ಚುತ್ತದೆ. ನಮ್ಮ ಲೆಕ್ಕದಲ್ಲಿ ಅದು ತಲಾ ಒಂಬತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು. ಇದನ್ನು ಪರೀಕ್ಷಿಸಲು ಕಟಿಂಗ್ ರಿಜಿಸ್ಟರ್ ತೆರೆದು, ಪ್ರತಿ ಹಾಸಿನ ಉದ್ದ, ಪದರಗಳ ಸಂಖ್ಯೆ, ಹೊರಬಂದ ಪ್ಯಾಂಟುಗಳ ಸಂಖ್ಯೆ ಈ ಮೂರನ್ನು ನೋಡಬೇಕು. ಸಣ್ಣ ಹಾಸುಗಳಲ್ಲಿ ಮಾತ್ರ ಬಳಕೆ ಏರಿದ್ದರೆ, ಎರಡು ಮೂರು ಆರ್ಡರುಗಳನ್ನು ಸೇರಿಸಿ ಕತ್ತರಿಸುವಂತೆ ಯೋಜನೆ ಬದಲಿಸುವುದೇ ಮದ್ದು. ಎಲ್ಲ ಹಾಸುಗಳಲ್ಲೂ ಒಂದೇ ಸಮನೆ ಏರಿದ್ದರೆ ಆಗ ಮಾರ್ಕರಿನಲ್ಲೋ, ಬಟ್ಟೆಯ ಅಗಲದಲ್ಲೋ, ಗೋದಾಮಿನಲ್ಲೋ ದೋಷ ಹುಡುಕಬೇಕು. ಫ್ಲೆಕ್ಸಿಬಲ್ ಬಜೆಟ್ ಕಳ್ಳನನ್ನು ಹಿಡಿದುಕೊಡುವುದಿಲ್ಲ, ಯಾವ ಬಾಗಿಲು ತಟ್ಟಬೇಕು ಎಂದು ಹೇಳುತ್ತದೆ. ಒಂದು ನಗದ ದರ ಯಾವ ಪ್ರಮಾಣದಲ್ಲೂ ಬದಲಾಗದು ಎಂಬ ಅದರ ನಂಬಿಕೆಗೂ ಮಿತಿಯಿದೆ ಎಂಬುದು ಇದೇ ಉದಾಹರಣೆಯಲ್ಲಿ ಕಾಣುತ್ತದೆ.

ಈಗ ವೀಕ್ಷಕರ ಪ್ರಶ್ನೆಗೆ ನೇರ ಉತ್ತರ. ಲಾಭ ಕುಸಿದದ್ದು ಒಟ್ಟು 5,12,000 ರೂಪಾಯಿ. ಇದರಲ್ಲಿ 3,00,000 ರೂಪಾಯಿ ಕೇವಲ ಮಾರಾಟ ಇಳಿದದ್ದರಿಂದ ಹೋದದ್ದು: ಪ್ರತಿ ಪ್ಯಾಂಟಿನ ಕಾಂಟ್ರಿಬ್ಯೂಷನ್ 500ರಲ್ಲಿ 350 ಕಳೆದ 150 ರೂಪಾಯಿ, ಮಾರಾಟವಾಗದ ಪ್ಯಾಂಟು 2,000. ಉಳಿದ 2,12,000 ರೂಪಾಯಿಗೂ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ. ಅದರಲ್ಲಿ 80,000 ಪ್ಯಾಂಟಿಗೆ ಹತ್ತು ರೂಪಾಯಿ ರಿಯಾಯಿತಿ ಕೊಟ್ಟದ್ದರಿಂದ, 1,20,000 ಬಟ್ಟೆಯಿಂದ, 20,000 ಸ್ಥಿರ ವೆಚ್ಚದಿಂದ ಹೋಗಿದೆ. ವಾಷಿಂಗ್‌ನಲ್ಲಿ 8,000 ನಿಜವಾಗಿಯೂ ಉಳಿದಿದೆ. ಸೋರಿಕೆ ಇದೆ, ಅದು ಇಂತಲ್ಲೇ ಇದೆ.

ಬಿ.ಕಾಂ. ವಿದ್ಯಾರ್ಥಿಗಳೂ ಅನುಭವಿ ಲೆಕ್ಕಿಗರೂ ಎಡವುವ ಒಂದು ಜಾಗವನ್ನು ಇಲ್ಲಿ ತೋರಿಸಲೇಬೇಕು. ಸ್ಥಿರ ವೆಚ್ಚ 9,00,000ವನ್ನು 10,000ದಿಂದ ಭಾಗಿಸಿ, ಪ್ಯಾಂಟಿಗೆ 90 ರೂಪಾಯಿ ಎಂದು ಮಾಡಿಕೊಂಡು, 8,000ಕ್ಕೆ 7,20,000 ಎಂದು ಬರೆದುಬಿಡುತ್ತಾರೆ. ಆಗ ಸ್ಥಿರ ವೆಚ್ಚ 2,00,000 ರೂಪಾಯಿ ಮಿತಿಮೀರಿದಂತೆ ಕಾಣುತ್ತದೆ, ಮ್ಯಾನೇಜರಿಗೆ ನೋಟಿಸ್ ಹೋಗುತ್ತದೆ. ಪ್ಯಾಂಟು ಕಡಿಮೆ ಹೊಲಿದ ಮಾತ್ರಕ್ಕೆ ಕಟ್ಟಡದ ಮಾಲೀಕರು ಬಾಡಿಗೆ ಇಳಿಸುವುದಿಲ್ಲ. ನಿಜವಾದ ಹೆಚ್ಚಳ 20,000 ಮಾತ್ರ. ಮಿಕ್ಕ 1,80,000 ಭಾಗಾಕಾರದಿಂದ ಹುಟ್ಟಿದ ಅಂಕಿ. 9,00,000 ಸ್ಟ್ಯಾಟಿಕ್ ಮತ್ತು ಫ್ಲೆಕ್ಸಿಬಲ್ ಎರಡೂ ಅಂಕಣಗಳಲ್ಲಿ ಹಾಗೆಯೇ ಇರಬೇಕು.

ಸಮಯ ಮೀರುತ್ತಿದೆ, ಉಳಿದ ಮೂರು ಮಾತುಗಳನ್ನು ಒಟ್ಟಿಗೆ ಹೇಳುತ್ತೇನೆ. ಮೊದಲನೆಯದಾಗಿ, ಮಾರಾಟ ಯೋಜನೆಗಿಂತ ಹೆಚ್ಚಾದಾಗ ಅನ್ಯಾಯ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. 12,000 ಪ್ಯಾಂಟು ಹೊಲಿದು ಬಟ್ಟೆಗೆ 29,40,000 ರೂಪಾಯಿ ಖರ್ಚು ಮಾಡಿದ ವಿಭಾಗ ವಾಸ್ತವದಲ್ಲಿ 60,000 ಉಳಿಸಿದೆ, ಆದರೆ ಸ್ಟ್ಯಾಟಿಕ್ ವರದಿ ಅದಕ್ಕೆ 4,40,000 ರೂಪಾಯಿಯ ದುಂದುಗಾರಿಕೆ ಅಂಟಿಸುತ್ತದೆ. ಎರಡನೆಯದು ವಿದ್ಯುತ್. ಬಿಲ್ಲಿನಲ್ಲಿ ನಿಗದಿತ ಶುಲ್ಕವೂ ಇರುತ್ತದೆ, ಬಳಸಿದ ಯೂನಿಟ್‌ಗಳ ಶುಲ್ಕವೂ ಇರುತ್ತದೆ, ಆದ್ದರಿಂದ ಅದನ್ನು ಪೂರ್ತಿ ಸ್ಥಿರ ಎಂದು ಇಡುವುದು ಅಂದಾಜಿನ ಕೆಲಸ. ಎಕ್ಸೆಲ್‌ನಲ್ಲಿ ಪ್ರತಿ ಬಾಬ್ತಿಗೂ ಸ್ಥಿರ ಮೊತ್ತಕ್ಕೆ ಒಂದು, ನಗದ ದರಕ್ಕೆ ಒಂದು, ಹೀಗೆ ಎರಡು ಕೋಶಗಳನ್ನಿಟ್ಟು, ವಾಸ್ತವ ಪ್ರಮಾಣವನ್ನು B1ರಲ್ಲಿ ಬರೆದರೆ ಒಂದೇ ಸೂತ್ರ ಎಲ್ಲ ಸಾಲುಗಳಿಗೂ ಸಾಕು.

```
=C5+D5*$B$1
```

ಬಾಡಿಗೆಯ ಸಾಲಿನಲ್ಲಿ D ಕೋಶ ಸೊನ್ನೆ, ಬಟ್ಟೆಯ ಸಾಲಿನಲ್ಲಿ C ಕೋಶ ಸೊನ್ನೆ, ವಿದ್ಯುತ್ತಿನ ಸಾಲಿನಲ್ಲಿ ಎರಡೂ ತುಂಬಿರುತ್ತವೆ.

ಕೊನೆಯದು ಮಿತಿಯ ಮಾತು. ಈ ಸೂತ್ರದಲ್ಲಿ 16,000 ಎಂದು ಬರೆದರೂ ಅದು ಮರುಮಾತಿಲ್ಲದೆ ಒಂದು ಉತ್ತರ ಕೊಡುತ್ತದೆ. ಆದರೆ ಅಷ್ಟು ಪ್ಯಾಂಟುಗಳಿಗೆ ಎರಡನೆಯ ಪಾಳಿ, ಇನ್ನೊಬ್ಬ ಮೇಲ್ವಿಚಾರಕ, ಬಹುಶಃ ಇನ್ನೊಂದು ಬಾಡಿಗೆ ಶೆಡ್ ಬೇಕಾಗುತ್ತದೆ, ಸ್ಥಿರ ವೆಚ್ಚ ಒಂದು ಮೆಟ್ಟಿಲು ಮೇಲಕ್ಕೆ ಜಿಗಿಯುತ್ತದೆ. ಆದ್ದರಿಂದ ಬಜೆಟ್ ಸಿದ್ಧಪಡಿಸುವ ದಿನವೇ, ಈಗಿರುವ ಯಂತ್ರ ಮತ್ತು ಜನರಿಂದ ಎಷ್ಟರಿಂದ ಎಷ್ಟು ಪ್ಯಾಂಟುಗಳವರೆಗೆ ಈ 9,00,000 ಸಾಕಾಗುತ್ತದೆ ಎಂಬುದನ್ನು ಹೊಲಿಗೆ ವಿಭಾಗದವರನ್ನೇ ಕೇಳಿ, ಆ ಎರಡು ಸಂಖ್ಯೆಗಳನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದಿಡಿ.