ತಲಾ ಆದಾಯದ ಲೆಕ್ಕದಲ್ಲಿ ಯಾರ ತೂಕ ಎಷ್ಟು?

ಕೇಳುಗ ಬಂಧುಗಳೇ, ನಮಸ್ಕಾರ.

ಒಂದು ದೇಶದ ತಲಾ ಆದಾಯ ಶೇಕಡಾ ಇಷ್ಟು ಏರಿತು ಎಂಬ ವಾರ್ತೆ ಕಿವಿಗೆ ಬಿದ್ದಾಗ, ಅಲ್ಲಿನ ಸಾಧಾರಣ ಮನೆಯೊಂದರ ವರಮಾನವೂ ಅಷ್ಟೇ ಏರಿದೆಯೆಂದು ನಮ್ಮಲ್ಲಿ ಹೆಚ್ಚಿನವರು ತಿಳಿಯುತ್ತಾರೆ. ದಯವಿಟ್ಟು ಹಾಗೆ ತಿಳಿಯಬೇಡಿ. ದೇಶದ ಒಟ್ಟು ಆದಾಯವನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ ಬರುವುದು ತಲಾ ಆದಾಯ, ಅಷ್ಟೇ. ಯಾರ ಕೈಗೆ ಎಷ್ಟು ಸೇರಿತು ಎಂಬುದನ್ನು ಆ ಭಾಗಾಕಾರ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು, ಇದನ್ನು ಹೇಳಲು ಬಾನುಲಿ ಬೇಕೇ ಎಂದು ನೀವು ಕೇಳಬಹುದು. ಗೊತ್ತಿದ್ದೂ ನಾವು ಮೋಸಹೋಗುವ ಬಗೆಯೊಂದಿದೆ. ನಾನು ಇಂದು ಹೇಳಬೇಕೆಂದಿರುವುದು ಅದೊಂದನ್ನೇ. ತಲಾ ಆದಾಯದ ಏರಿಳಿತದಲ್ಲಿ ಪ್ರತಿಯೊಬ್ಬನಿಗೂ ಸಮನಾದ ತೂಕವಿಲ್ಲ. ಯಾರಿಗೆ ಎಷ್ಟು ವರಮಾನವೋ ಅವರಿಗೆ ಅಷ್ಟು ತೂಕ.

ಇದನ್ನು ತೋರಿಸಿಕೊಡಲು ನಾನು ತರಗತಿಯಲ್ಲಿ ಒಂದು ಆಟವನ್ನು ಆಡಿಸುತ್ತೇನೆ. ಹತ್ತು ಮಂದಿ ವಿದ್ಯಾರ್ಥಿಗಳನ್ನು ಮುಂದೆ ಕರೆದು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಚೀಟಿ ಕೊಡುತ್ತೇನೆ. ಒಂಬತ್ತು ಚೀಟಿಗಳಲ್ಲಿ 10 ಎಂದು ಬರೆದಿರುತ್ತದೆ, ಹತ್ತನೆಯದರಲ್ಲಿ 110. ಇದು ಅವರವರ ವರ್ಷದ ವರಮಾನ ಎಂದುಕೊಳ್ಳೋಣ. ಒಟ್ಟು 200, ಭಾಗಿಸಿದರೆ ತಲಾ 20. ಈಗ, 20 ಇರುವವರು ಕೈ ಎತ್ತಿ ಎನ್ನುತ್ತೇನೆ. ಯಾರೂ ಎತ್ತುವುದಿಲ್ಲ. ಒಂಬತ್ತು ಜನರ ಬಳಿ ಇರುವುದು ಅದರ ಅರ್ಧ, ಹತ್ತನೆಯವನ ಬಳಿ ಅದರ ಐದೂವರೆ ಪಟ್ಟು. ತಲಾ ಆದಾಯವೆಂದು ನಾವು ಕರೆದ ಆ 20, ಸಾಲಿನಲ್ಲಿ ನಿಂತ ಒಬ್ಬನ ವರಮಾನವೂ ಅಲ್ಲ.

ಇಲ್ಲಿಯವರೆಗೆ ಎಲ್ಲರೂ ನಗುತ್ತಾರೆ. ಆಮೇಲೆ ಚೀಟಿಗಳನ್ನು ಹಿಂದಕ್ಕೆ ಪಡೆದು ಮರುವರ್ಷದ ಚೀಟಿಗಳನ್ನು ಹಂಚುತ್ತೇನೆ: ಒಂಬತ್ತು ಜನರಿಗೆ 9ರಂತೆ, ಹತ್ತನೆಯವನಿಗೆ 159. ಕೂಡಿಸಿದರೆ 240, ತಲಾ 24. ಹಲಗೆಯ ಮೇಲೆ ದಪ್ಪಕ್ಷರದಲ್ಲಿ, ತಲಾ ಆದಾಯದಲ್ಲಿ ಶೇಕಡಾ 20ರಷ್ಟು ಏರಿಕೆ ಎಂದು ಬರೆಯುತ್ತೇನೆ. ಒಂದು ಸಲ ಒಬ್ಬ ಚುರುಕಿನ ಹುಡುಗ ಎದ್ದು, "ಸಾರ್, ಕೂಡಿದ್ದೂ ಸರಿ, ಭಾಗಿಸಿದ್ದೂ ಸರಿ, ಇದರಲ್ಲಿ ತಪ್ಪೇನಿದೆ?" ಎಂದು ಕೇಳಿದ. ನಾನು ಉತ್ತರ ಕೊಡುವ ಮೊದಲೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ತನ್ನ 9ರ ಚೀಟಿಯನ್ನು ಅವನ ಕಡೆ ಚಾಚಿ, "ತಪ್ಪಿಲ್ಲ ಅನ್ನೋದಾದರೆ ಬಾ, ಇಲ್ಲಿ ಬಂದು ನಿಂತುಕೋ" ಎಂದಳು. ಆ ಹುಡುಗ ಕದಲಲಿಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಹತ್ತನೇ ಒಂದು ಪಾಲು ಬಡವಾಗಿದ್ದರೂ ದೇಶ ಶೇಕಡಾ 20ರಷ್ಟು ಮುಂದೆ ಹೋಗಿದೆಯೆಂದು ಹಲಗೆ ಸಾರುತ್ತಿತ್ತು.

ಮೂರನೆಯ ಸುತ್ತು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಮತ್ತೆ ಮೊದಲ ವರ್ಷದ ಸ್ಥಿತಿಯಿಂದಲೇ ಹೊರಡೋಣ. ಈ ಸಲ ಒಂಬತ್ತು ಜನರ ವರಮಾನ 10ರಿಂದ 12ಕ್ಕೆ ಏರುತ್ತದೆ, ಹತ್ತನೆಯವನದು 110ರಿಂದ 92ಕ್ಕೆ ಇಳಿಯುತ್ತದೆ. ಒಂಬತ್ತು ಹನ್ನೆರಡಲ 108, ಅದಕ್ಕೆ 92 ಸೇರಿದರೆ 200. ತಲಾ ಆದಾಯ ಮೊದಲಿನಂತೆಯೇ 20. ಹತ್ತರಲ್ಲಿ ಒಂಬತ್ತು ಮನೆಗಳು ಐದನೇ ಒಂದು ಪಾಲು ಮೇಲಕ್ಕೆ ಬಂದ ವರ್ಷದಲ್ಲಿ ಬೆಳವಣಿಗೆ ಸೊನ್ನೆ ಎಂದು ವರದಿಯಾಗುತ್ತದೆ!

ಇದು ಹೇಗಾಯಿತು ಎಂಬುದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ಮೊದಲ ವರ್ಷದ ಸಾಲಿನಲ್ಲಿ 10 ಇರುವವನ ವರಮಾನ ಶೇಕಡಾ ಒಂದರಷ್ಟು ಏರಿದರೆ ಒಟ್ಟಿಗೆ ಸೇರುವುದು ಒಂದರ ಹತ್ತನೇ ಒಂದು ಭಾಗ. 110 ಇರುವವನದೂ ಅದೇ ಶೇಕಡಾ ಒಂದರಷ್ಟು ಏರಿದರೆ ಸೇರುವುದು ಅದರ ಹನ್ನೊಂದು ಪಟ್ಟು. ಹಾಗಾಗಿ ಬೆಳವಣಿಗೆಯ ದರದ ಮಟ್ಟಿಗೆ ಆ ಒಬ್ಬ, ಹನ್ನೊಂದು ಜನರ ಸಮ. ಬದಲಿಗೆ ಹತ್ತು ಜನರಿಗೂ ಸಮನಾದ ತೂಕ ಕೊಟ್ಟು, ಅವರವರ ಏರಿಕೆ ಇಳಿಕೆಗಳ ಸರಾಸರಿಯನ್ನೇ ತೆಗೆದರೆ ಎರಡನೆಯ ಸುತ್ತಿನ ಫಲಿತಾಂಶ ಶೇಕಡಾ 20ರ ಏರಿಕೆಯಲ್ಲ, ಸುಮಾರು ನಾಲ್ಕೂವರೆಯ ಇಳಿಕೆ. ಚೀಟಿಗಳು ಅವೇ, ವರ್ಷವೂ ಅದೇ. ತೂಕ ಬದಲಾಯಿತು, ಉತ್ತರ ತಿರುಗಿತು. ಈ ತೂಕವನ್ನು ಯಾರೂ ಚರ್ಚಿಸಿ ನಿಗದಿ ಮಾಡಿದ್ದಲ್ಲ. ಮೊದಲು ಕೂಡಿಸಿ ಆಮೇಲೆ ಭಾಗಿಸುವ ಕ್ರಮದಲ್ಲಿಯೇ ಅದು ಸದ್ದಿಲ್ಲದೆ ಸೇರಿಕೊಂಡಿದೆ.

ಚೀಟಿಯ ಆಟವನ್ನು ನಾನು ಬೇಕೆಂದೇ ಉತ್ಪ್ರೇಕ್ಷಿಸಿದ್ದೇನೆ ಎನ್ನುವವರು ಆಫ್ರಿಕಾದ ಈಕ್ವಟೋರಿಯಲ್ ಗಿನಿಯನ್ನು ನೋಡಬೇಕು. ಬಹಳ ಚಿಕ್ಕ ಜನಸಂಖ್ಯೆಯ ಈ ದೇಶದ ಕಡಲಿನಲ್ಲಿ 1990ರ ದಶಕದ ನಡುವೆ ದೊಡ್ಡ ಪ್ರಮಾಣದ ತೈಲ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅದರ ತಲಾ ಉತ್ಪನ್ನ ಆಫ್ರಿಕಾದಲ್ಲೇ ಅತಿ ಹೆಚ್ಚಿನವುಗಳ ಸಾಲಿಗೆ ಸೇರಿತು. ಆದರೆ 2006ರಲ್ಲಿ ಮನೆಮನೆಗಳ ಸಮೀಕ್ಷೆ ನಡೆದಾಗ, ಜನರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ಆ ದೇಶದ್ದೇ ಬಡತನದ ರೇಖೆಯ ಕೆಳಗಿರುವುದು ಕಂಡುಬಂತು. ಇಲ್ಲಿ ಇನ್ನೊಂದು ತೊಡಕೂ ಇದೆ. ದೇಶದ ಗಡಿಯೊಳಗೆ ಉತ್ಪತ್ತಿಯಾದದ್ದನ್ನೆಲ್ಲ ಲೆಕ್ಕ ಹಿಡಿಯುವ ಜಿಡಿಪಿಯಲ್ಲಿ ಹೊರದೇಶದ ತೈಲ ಕಂಪನಿಗಳು ಒಯ್ಯುವ ಲಾಭವೂ ಸೇರಿರುತ್ತದೆ. ಅದನ್ನು ಅಲ್ಲಿನ ಜನರ ತಲೆಗೆ ಹಂಚಿ ಬರೆದರೂ ಅದು ಅವರ ಮನೆಗೆ ಬರುವ ಹಣವಲ್ಲ. ಆ ಲಾಭವನ್ನು ಕಳೆದು ನೋಡುವ ರಾಷ್ಟ್ರೀಯ ಆದಾಯದ ಲೆಕ್ಕ ಬೇರೆಯೇ ಇದೆ. ಸಮಯ ಕಡಿಮೆ ಇರುವುದರಿಂದ ಅದನ್ನು ಇಲ್ಲಿಗೆ ಬಿಡುತ್ತೇನೆ.

ಈ ಎಚ್ಚರಿಕೆ ಹೊಸದೇನಲ್ಲ. ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕವನ್ನು ಸಿದ್ಧಪಡಿಸಿದ ಸೈಮನ್ ಕುಜ್ನೆಟ್ಸ್ ಅವರೇ, 1934ರಲ್ಲಿ ಅಲ್ಲಿನ ಸೆನೆಟ್‌ಗೆ ಒಪ್ಪಿಸಿದ ವರದಿಯಲ್ಲಿ, ರಾಷ್ಟ್ರದ ಆದಾಯವನ್ನು ನೋಡಿ ಜನರ ಕ್ಷೇಮವನ್ನು ಅಳೆಯಲಾಗದು ಎಂಬ ಅರ್ಥದ ಮಾತನ್ನು ಬರೆದಿದ್ದರು. ಅಷ್ಟು ವರ್ಷಗಳಾದ ಮೇಲೂ ಸುದ್ದಿ ಬರೆಯುವವರು ಆ ಒಂದೇ ಅಂಕಿಯನ್ನು ತಂದು ನಮ್ಮ ಮುಂದಿಡುತ್ತಾರೆ, ನಾವೂ ಸುಮ್ಮನೆ ತಲೆದೂಗುತ್ತೇವೆ.

ಹಾಗಾದರೆ ಯಾವ ಅಂಕಿಯನ್ನು ಕೇಳಬೇಕು? ಮೊದಲನೆಯದು ಮಧ್ಯಾಂಕ. ಎಲ್ಲರನ್ನೂ ವರಮಾನದ ಕ್ರಮದಲ್ಲಿ ನಿಲ್ಲಿಸಿ, ಸಾಲಿನ ನಟ್ಟನಡುವೆ ಇರುವವನ ವರಮಾನ ಎಷ್ಟೆಂದು ನೋಡುವುದೇ ಮಧ್ಯಾಂಕ. ನಮ್ಮ ಚೀಟಿಗಳಲ್ಲಿ ಅದು ಮೊದಲ ವರ್ಷ 10, ಎರಡನೆಯ ಸುತ್ತಿನಲ್ಲಿ 9, ಮೂರನೆಯದರಲ್ಲಿ 12. ಮೂರು ಸಲವೂ ಅದು ಒಂಬತ್ತು ಜನರಿಗೆ ಆದದ್ದನ್ನೇ ಹೇಳಿತು. ಸರಾಸರಿಯು ಮಧ್ಯಾಂಕಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಕಂಡರೆ ಹಣ ಮೇಲ್ತುದಿಯಲ್ಲಿ ಎಷ್ಟು ಗುಡ್ಡೆಯಾಗಿದೆ ಎಂಬ ಅಂದಾಜೂ ಸಿಗುತ್ತದೆ. ಆದರೆ ಸಾಲಿನ ಕೊನೆಯಲ್ಲಿರುವ ಕಡುಬಡವನ ಪಾಡು ಮಧ್ಯಾಂಕದಲ್ಲೂ ಕಾಣುವುದಿಲ್ಲ. ಅದಕ್ಕಾಗಿ ವಿಶ್ವಬ್ಯಾಂಕ್ 2013ರಿಂದ ಇನ್ನೊಂದು ಅಳತೆಯನ್ನೂ ಇಟ್ಟುಕೊಂಡಿತು: ವರಮಾನದಲ್ಲಿ ಕೆಳಗಿನ ಶೇಕಡಾ 40ರಷ್ಟು ಜನರ ಆದಾಯ ಮಾತ್ರ ವರ್ಷಕ್ಕೆ ಎಷ್ಟು ಬೆಳೆಯಿತು ಎಂಬುದು. ತಲಾ ಆದಾಯ ಏರಿತೆಂಬ ಸುದ್ದಿ ಬಂದಾಗ ಈ ಎರಡು ಅಂಕಿಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಮೂರೂ ಒಟ್ಟಿಗೆ ಏರಿದ್ದರೆ ಸುದ್ದಿಯನ್ನು ನಂಬಿ, ಮೊದಲನೆಯದು ಮಾತ್ರ ಏರಿದ್ದರೆ ಹತ್ತನೆಯ ಚೀಟಿ ಯಾರ ಕೈಯಲ್ಲಿದೆ ಎಂದು ವಿಚಾರಿಸಿ. ನಮಸ್ಕಾರ.